ಗೇಟ್ ಮುಚ್ಚಿದ ಮೇಲೆ

ಒಂದು ಲೆಕ್ಕ ಹಾಕಿ ನೋಡೋಣ. ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಿಂದ ಇಟಲಿಯ ಟ್ರಿಯೆಸ್ಟ್ ಬಂದರಿಗೆ ರೊಬಸ್ಟಾ ಚೆರಿ ಹೋಗಬೇಕು. ಮೂಟೆಗೆ 60 ಕಿಲೋದಂತೆ 320 ಮೂಟೆ, ಅಂದರೆ 19,200 ಕಿಲೋ ಕಾಫಿ, ಒಂದು ಇಪ್ಪತ್ತು ಅಡಿಯ ಕಂಟೇನರಿನಲ್ಲಿ ತುಂಬಿದೆ. ಪಣಂಬೂರಿನ ನವಮಂಗಳೂರು ಬಂದರಿಗೆ ರಸ್ತೆ ಸುಮಾರು 170 ಕಿಲೋಮೀಟರ್. ಜುಲೈ 18, ಗುರುವಾರ ಸಂಜೆ 6 ಗಂಟೆಗೆ ಬಂದರಿನ ಗೇಟ್ ಕಟ್‌ಆಫ್. ಸಕಲೇಶಪುರ ದಾಟಿದ ಮೇಲೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಲಾರಿ ನಿಂತಿತು, ಗೇಟಿಗೆ ಮುಟ್ಟುವಾಗ ರಾತ್ರಿ 11 ಆಗಿತ್ತು. ದಿನಾಂಕಗಳು ಲೆಕ್ಕಕ್ಕೆಂದು ಇಟ್ಟುಕೊಂಡವು. ಆದರೆ ಗುಡ್ಡ ಜರಿಯುವುದು ಊಹೆಯಲ್ಲ, 2018ರ ಆಗಸ್ಟ್‌ನಲ್ಲೂ 2024ರ ಜುಲೈನಲ್ಲೂ ಆ ಘಾಟಿಯಲ್ಲಿ ಸಂಚಾರ ನಿಂತದ್ದನ್ನು ಹಾಸನದವರೂ ಮಂಗಳೂರಿನವರೂ ಮರೆತಿಲ್ಲ. ಇಂಥ ರಾತ್ರಿ ರಫ್ತುದಾರರ ಕಚೇರಿಯಿಂದ ಫಾರ್ವರ್ಡರ್‌ಗೆ ಸಾಮಾನ್ಯವಾಗಿ ಹೋಗುವ ಸಂದೇಶ ಒಂದೇ ಸಾಲಿನದು: "ಸರ್, ಕಟ್‌ಆಫ್ ಮಿಸ್ ಆಯ್ತು, ನೆಕ್ಸ್ಟ್ ವೆಸೆಲ್ ಯಾವಾಗ?" ಈ ಪ್ರಶ್ನೆಗೆ ಉತ್ತರವಿಲ್ಲ ಎಂಬುದು ಈ ಅಧ್ಯಾಯದ ವಾದ. ಫಾರ್ವರ್ಡರ್‌ಗೆ ಗೊತ್ತಿಲ್ಲವೆಂದಲ್ಲ. ಪೆಟ್ಟಿಗೆ ಈಗ ಯಾವ ಸ್ಥಿತಿಯಲ್ಲಿದೆ, ಯಾರ ಪೆಟ್ಟಿಗೆ, ಯಾವ ದಿನದೊಳಗೆ ಅದು ಹಡಗೇರಲೇಬೇಕು ಎಂಬುದು ತಿಳಿಯುವ ತನಕ "ಮುಂದಿನ ಹಡಗು" ಎಂಬುದು ನಿರ್ಧಾರವಾಗುವುದೇ ಇಲ್ಲ.

ಮೊದಲು, ಹಡಗು ಇನ್ನೂ ಬಂದರಿಗೇ ಬಂದಿರದಿದ್ದರೂ ಗೇಟ್ ಯಾಕೆ ಮುಚ್ಚುತ್ತದೆ ಎಂಬುದನ್ನು ನೋಡಬೇಕು. ಕಂಟೇನರುಗಳನ್ನು ಬಂದ ಕ್ರಮದಲ್ಲಿ ಹಡಗಿಗೆ ಏರಿಸುವುದಿಲ್ಲ. ಪ್ರತಿ ಪೆಟ್ಟಿಗೆ ಯಾವ ಸಾಲಿನಲ್ಲಿ, ಎಷ್ಟನೇ ಅಂತಸ್ತಿನಲ್ಲಿ ಕೂರಬೇಕೆಂದು ಮೊದಲೇ ನಕ್ಷೆ ತಯಾರಾಗುತ್ತದೆ. ಭಾರವಾದದ್ದು ಕೆಳಗೆ ಹೋಗಬೇಕು, ಇಲ್ಲದಿದ್ದರೆ ಹಡಗಿನ ಗುರುತ್ವ ಕೇಂದ್ರ ಮೇಲೇರಿ ಅದು ವಾಲಿದಾಗ ಮತ್ತೆ ನೆಟ್ಟಗಾಗುವ ಶಕ್ತಿ ಕುಂದುತ್ತದೆ. ಹಾಗೆಂದು ಭಾರವನ್ನೆಲ್ಲ ತಳಕ್ಕೆ ಒಟ್ಟಿದರೂ ತೊಂದರೆಯೇ: ಆಗ ಹಡಗು ಅತಿ ಬಿರುಸಾಗಿ ಅತ್ತಿತ್ತ ಹೊಯ್ದಾಡಿ, ಡೆಕ್ಕಿನ ಮೇಲಿನ ಪೆಟ್ಟಿಗೆಗಳನ್ನು ಬಿಗಿದ ಸರಳುಗಳ ಮೇಲೆ ಒತ್ತಡ ಬೀಳುತ್ತದೆ. ಇದರ ಜೊತೆಗೆ ಇಳಿಸುವ ಕ್ರಮವನ್ನೂ ನೋಡಬೇಕು. ಕೊಚ್ಚಿಯಲ್ಲಿ ಇಳಿಯುವ ಪೆಟ್ಟಿಗೆಯ ಮೇಲೆ ಕೊಲಂಬೊದ ಪೆಟ್ಟಿಗೆ ಕೂತರೆ, ಅದನ್ನು ಎತ್ತಿ ಇಳಿಸಿ ಮತ್ತೆ ಏರಿಸಬೇಕು. ಹೀಗೆ ಸುಮ್ಮಸುಮ್ಮನೆ ಎತ್ತಿಡುವುದನ್ನು ಕನಿಷ್ಠಕ್ಕೆ ತರುವ ಜೋಡಣೆಯನ್ನು ಹುಡುಕುವುದು ಎಷ್ಟು ಕಷ್ಟ ಎಂಬುದನ್ನು ಅವ್ರಿಯೆಲ್, ಪೆನ್, ಶ್ಪಿರರ್ ಎಂಬ ಮೂವರು ಸಂಶೋಧಕರು 2000ದಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದರು. ಗಣಕ ವಿಜ್ಞಾನದಲ್ಲಿ ಅತಿ ಕಠಿಣವೆಂದು ಹೆಸರಾದ ಸಮಸ್ಯೆಗಳ ಗುಂಪಿಗೇ ಇದೂ ಸೇರುತ್ತದೆ, ಪೆಟ್ಟಿಗೆಗಳು ಹೆಚ್ಚಿದಂತೆ ಅತ್ಯುತ್ತಮ ಜೋಡಣೆಯನ್ನು ಖಚಿತವಾಗಿ, ಬೇಗ ಕೊಡುವ ವಿಧಾನ ಯಾವುದೂ ತಿಳಿದಿಲ್ಲ. ಆದ್ದರಿಂದ ನಕ್ಷೆ ಹಾಕುವವರು ಮೊದಲು ಪಟ್ಟಿಯನ್ನು ಮುಚ್ಚುತ್ತಾರೆ, ಆಮೇಲೆ ಚೆನ್ನಾದ ಒಂದು ಜೋಡಣೆ ಮಾಡುತ್ತಾರೆ. ಗೇಟ್ ಕಟ್‌ಆಫ್ ಎಂದರೆ ಆ ಪಟ್ಟಿ ಮುಚ್ಚುವ ಗಳಿಗೆ.

ಪಟ್ಟಿಯಲ್ಲಿನ ತೂಕ ಸುಳ್ಳಾದರೆ ಏನಾಗುತ್ತದೆಂಬುದಕ್ಕೆ ದಾಖಲೆಯಿದೆ. 2007ರ ಜನವರಿಯಲ್ಲಿ ಎಂಎಸ್‌ಸಿ ನಪೋಲಿ ಎಂಬ ಕಂಟೇನರ್ ಹಡಗು ಇಂಗ್ಲಿಷ್ ಕಾಲುವೆಯ ಬಿರುಗಾಳಿಯಲ್ಲಿ ಒಡಲು ಬಿರುಕುಬಿಟ್ಟು, ಕೊನೆಗೆ ಅದನ್ನು ಡೆವನ್ ತೀರದ ಬ್ರಾನ್ಸ್‌ಕಂಬ್ ಬಳಿ ನೆಲಕ್ಕೆ ತಾಗಿಸಬೇಕಾಯಿತು. ಒಡಲಿನ ರಚನೆಯಲ್ಲೇ ಬಲ ಸಾಲದಿದ್ದುದು ಅಲ್ಲಿನ ಮುಖ್ಯ ಕಾರಣ. ಆದರೆ ಡೆಕ್ಕಿನ ಮೇಲೆ ನೀರು ತಾಗದೆ ಉಳಿದಿದ್ದ 660 ಪೆಟ್ಟಿಗೆಗಳನ್ನು ತನಿಖೆಯಲ್ಲಿ ತೂಗಿದಾಗ, 137 ಪೆಟ್ಟಿಗೆಗಳ ತೂಕಕ್ಕೂ ಘೋಷಿಸಿದ್ದಕ್ಕೂ 3 ಟನ್‌ಗಿಂತ ಹೆಚ್ಚು ವ್ಯತ್ಯಾಸವಿತ್ತು, ಒಂದರಲ್ಲಂತೂ 20 ಟನ್. ಇಂಥ ಪ್ರಕರಣಗಳ ಬಳಿಕ ಅಂತರರಾಷ್ಟ್ರೀಯ ಸಾಗರ ಸುರಕ್ಷತಾ ಒಪ್ಪಂದಕ್ಕೆ ತಿದ್ದುಪಡಿ ಬಂದು, 2016ರ ಜುಲೈ 1ರಿಂದ ತೂಗಿ ದೃಢೀಕರಿಸಿದ ತೂಕ ಕೊಡದ ಕಂಟೇನರನ್ನು ಹಡಗಿಗೆ ಏರಿಸುವಂತಿಲ್ಲ. ವ್ಯಾಪಾರದವರು ಇದನ್ನು ವಿಜಿಎಂ ಎನ್ನುತ್ತಾರೆ. ನಮ್ಮ ಪೆಟ್ಟಿಗೆಯಲ್ಲಿ ಕಾಫಿ, ಗೋಣಿಚೀಲಗಳ ತೂಕ, ಖಾಲಿ ಕಂಟೇನರಿನ ಸುಮಾರು 2,200 ಕಿಲೋ ಎಲ್ಲ ಸೇರಿ ಇದು 21,600 ಕಿಲೋ ಆಸುಪಾಸು ಬರುತ್ತದೆ.

ಸಾವಿರಾರು ಟನ್ ಹೊರುವ ಹಡಗಿಗೆ ಇನ್ನೊಂದು 21 ಟನ್ನಿನ ಪೆಟ್ಟಿಗೆ ಹೆಚ್ಚೇನು ಎಂದು ಯಾರಾದರೂ ಕೇಳಬಹುದು. ಭೌತಶಾಸ್ತ್ರದ ಮಟ್ಟಿಗೆ ಆ ಮಾತು ಹೆಚ್ಚೂಕಡಿಮೆ ಸರಿ, ಒಂದು ಪೆಟ್ಟಿಗೆಯಿಂದ ಹಡಗು ವಾಲುವುದಿಲ್ಲ. ಅಡ್ಡಿ ಇರುವುದು ಬಂದರಿನ ಯಾರ್ಡಿನಲ್ಲಿ. ಅಲ್ಲಿ ಪೆಟ್ಟಿಗೆಗಳನ್ನು ಹಡಗೇರುವ ಕ್ರಮಕ್ಕೆ ತಕ್ಕಂತೆ ಪೇರಿಸಿರುತ್ತಾರೆ, ತಳದಲ್ಲಿ ಹೋಗಬೇಕಾದ ಭಾರದ ಪೆಟ್ಟಿಗೆ ಕೊನೆಗೆ ಬಂದರೆ ಕ್ರೇನಿನ ಸರದಿಯೇ ಕೆಡುತ್ತದೆ. ಆದರೂ ನಕ್ಷೆ ಅಂತಿಮವಾಗುವ ತನಕ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ಹಡಗು ಕಂಪನಿ ಒಪ್ಪಿ, ಟರ್ಮಿನಲ್ ಒಪ್ಪಿ, ಹೆಚ್ಚುವರಿ ಶುಲ್ಕ ಕಟ್ಟಿದರೆ ತಡವಾದ ಗೇಟ್‌ಇನ್ ಸಿಗುವುದುಂಟು. ಆದ್ದರಿಂದ ಫಾರ್ವರ್ಡರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ ಮುಂದಿನ ಹಡಗಿನದಲ್ಲ, ಇದೇ ಹಡಗಿಗೆ ತಡ ಗೇಟ್‌ಇನ್ ಸಾಧ್ಯವೇ ಎಂಬುದು. ಆ ಪ್ರಶ್ನೆಗೆ ಆಯುಷ್ಯ ಬಹಳ ಕಡಿಮೆ. ಗುರುವಾರ ಮಧ್ಯಾಹ್ನ 2 ಗಂಟೆಗೆ, ಲಾರಿ ಇನ್ನೂ ಘಾಟಿಯ ಸಾಲಿನಲ್ಲಿ ನಿಂತಿರುವಾಗಲೇ ಕೇಳಿದರೆ ನಾಲ್ಕು ಗಂಟೆ ಅವಕಾಶವಿರುತ್ತದೆ, ನಕ್ಷೆ ಹಾಕುವವರು ಜಾಗ ಹಿಡಿದಿಡಬಹುದು, ಇಲ್ಲವೇ ಆ ಜಾಗವನ್ನು ಬೇರೆಯವರಿಗೆ ಕೊಟ್ಟು ನಮ್ಮನ್ನು ಯಾವ ಜಗಳವಿಲ್ಲದೆ ಮುಂದಿನ ಹಡಗಿಗೆ ಸರಿಸಬಹುದು. ರಾತ್ರಿ 11ಕ್ಕೆ ಕೇಳಿದರೆ ಅದೇ ಮಾತಿಗೆ ಅಷ್ಟು ಬೆಲೆಯಿಲ್ಲ. ಬೇಗ ಹೇಳಿಬಿಟ್ಟರೆ ಜಾಗವೇ ಕೈತಪ್ಪೀತು, ಲಾರಿ ಹೇಗೋ ಮುಟ್ಟಿದರೂ ಮುಟ್ಟಬಹುದಲ್ಲ ಎಂಬ ಭಯದಿಂದ ಅನೇಕರು ಸುಮ್ಮನಿರುತ್ತಾರೆ. ಆ ಭಯಕ್ಕೆ ಕಾರಣವಿದೆ, ಆದರೆ ಪರಿಹಾರ ಮೌನವಲ್ಲ. ಬುಕಿಂಗ್ ಬಿಟ್ಟುಕೊಡುತ್ತಿಲ್ಲ, 3 ಗಂಟೆಯೊಳಗೆ ಲಾರಿ ಗುಂಡ್ಯ ದಾಟದಿದ್ದರೆ ಮಾತ್ರ ಸರಿಸಿ ಎಂದು ಷರತ್ತು ಹಾಕಿಯೇ ಹೇಳಬಹುದು. ಬಿಟ್ಟುಕೊಡುವುದೂ ಎಚ್ಚರಿಸುವುದೂ ಬೇರೆಬೇರೆ.

ಕಟ್‌ಆಫ್ ಎಂಬ ಒಂದೇ ಹೆಸರಿನಲ್ಲಿ ಹಲವು ಗಡುವುಗಳಿವೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಯಾವುದು ತಪ್ಪಿತೆಂಬುದರ ಮೇಲೆ ಗತಿಯೇ ಬೇರೆಯಾಗುತ್ತದೆ. ಬಿಲ್ ಆಫ್ ಲೇಡಿಂಗ್‌ಗೆ ಬೇಕಾದ ವಿವರಗಳನ್ನು ಹಡಗು ಕಂಪನಿಗೆ ಕೊಡಲು ಒಂದು ಗಡುವು. ಇದು ಬರೀ ಕಚೇರಿಯ ಶಿಸ್ತಲ್ಲ: ಯುರೋಪಿಗೆ ಹೋಗುವ ಕಂಟೇನರಿನ ವಿವರವನ್ನು, ಅಲ್ಲಿಗೆ ಹೋಗುವ ಹಡಗಿಗೆ ಏರಿಸುವ 24 ಗಂಟೆ ಮೊದಲೇ ಯುರೋಪಿನ ಕಸ್ಟಮ್ಸ್‌ಗೆ ಸಲ್ಲಿಸಬೇಕೆಂಬ ನಿಯಮ 2011ರಿಂದ ಇದೆ. ವಿಜಿಎಂಗೆ ಇನ್ನೊಂದು ಗಡುವು. ಪೆಟ್ಟಿಗೆ ಗೇಟಿನೊಳಗೆ ಬರಲು ಮತ್ತೊಂದು. ಇವುಗಳ ಜೊತೆಗೆ ಕಸ್ಟಮ್ಸ್‌ನ ರಫ್ತು ಅನುಮತಿ, ಅಂದರೆ ಲೆಟ್ ಎಕ್ಸ್‌ಪೋರ್ಟ್ ಆರ್ಡರ್, ಹಡಗೇರುವ ಮೊದಲು ಆಗಿರಬೇಕು. ಕಾಗದದ ಗಡುವು ಮಾತ್ರ ತಪ್ಪಿದ್ದರೆ ಪೆಟ್ಟಿಗೆ ಯಾರ್ಡಿನಲ್ಲೇ ಇರುತ್ತದೆ, ದಂಡ ಕಟ್ಟಿ ಅದೇ ಹಡಗಿಗೆ ಹೋಗುವ ಸಾಧ್ಯತೆ ಉಳಿದಿರುತ್ತದೆ. ಒಳಗೆ ಬಂದೂ ವಿಜಿಎಂ ಅಥವಾ ಅನುಮತಿ ಇಲ್ಲದೆ ಹಡಗೇರದೆ ಉಳಿದರೆ ಅದನ್ನು ಬಂದರಿನವರು ಶಟ್‌ಔಟ್ ಎನ್ನುತ್ತಾರೆ, ಅದಕ್ಕೆ ಪ್ರತ್ಯೇಕ ಶುಲ್ಕ. ಅಲ್ಲಿಂದ ಅದನ್ನು ಬೇರೆ ಬಂದರಿಗೆ ಒಯ್ಯಬೇಕೆಂದರೆ ಕಸ್ಟಮ್ಸ್‌ನಿಂದ ಬ್ಯಾಕ್ ಟು ಟೌನ್ ಅನುಮತಿ ಪಡೆದು ಹೊರತೆಗೆಯಬೇಕು. ನಮ್ಮ ಉದಾಹರಣೆಯ ಪೆಟ್ಟಿಗೆ ಗೇಟಿನ ಹೊರಗೇ ಇದೆ, ವಿಜಿಎಂ ಹೋಗಿದೆ, ಲೆಟ್ ಎಕ್ಸ್‌ಪೋರ್ಟ್ ಆಗಿಲ್ಲ. ಹೊರಗೆ ಉಳಿದದ್ದು ಒಂದು ರೀತಿಯಲ್ಲಿ ಅನುಕೂಲವೇ, ಅದಕ್ಕೆ ಇನ್ನೂ ದಾರಿಗಳು ತೆರೆದಿವೆ. "ಕಟ್‌ಆಫ್ ಮಿಸ್ ಆಯ್ತು" ಎಂಬ ಸಾಲು ಈ ಮೂರು ಸ್ಥಿತಿಗಳಲ್ಲಿ ಯಾವುದನ್ನೂ ಹೇಳುವುದಿಲ್ಲ.

ಈಗ ದಾರಿಗಳ ವಿಚಾರ. ತಪ್ಪಿದ ಫೀಡರ್ ಹಡಗು ಶುಕ್ರವಾರ 19ರ ರಾತ್ರಿ ಹೊರಟು ಸೋಮವಾರ 22ಕ್ಕೆ ಕೊಲಂಬೊ ಸೇರುವುದಿತ್ತು. ಅಲ್ಲಿ ಪೆಟ್ಟಿಗೆ ಇಳಿದು, ಗುರುವಾರ 25ರ ಸಂಜೆ ಹೊರಡುವ ದೊಡ್ಡ ಹಡಗನ್ನು, ಅಂದರೆ ಮದರ್ ವೆಸೆಲ್ಲನ್ನು, ಏರುವುದಿತ್ತು. ಇಂಥ ಸೇವೆಗಳು ವಾರಕ್ಕೊಂದು ಹಡಗಿನಂತೆ ನಡೆಯುತ್ತವೆ. ಒಂದು ಹಡಗು ಹೋಗಿಬರಲು 84 ದಿನ ಹಿಡಿದರೆ, ಪ್ರತಿ ವಾರ ಅದೇ ದಿನ ಒಂದು ಹಡಗು ಹೊರಡಲು 12 ಹಡಗು ಬೇಕು. ಕಂಪನಿಗಳು ಹಾಗೆ ಹಡಗುಗಳನ್ನು ಸಾಲಾಗಿ ಬಿಟ್ಟಿರುತ್ತವೆ. ಐದು ಗಂಟೆಯ ತಡ ಏಳು ದಿನದ ತಡವಾಗುವುದು ಈ ಕಾರಣಕ್ಕೆ, ನಡುವೆ ಬೇರೆ ಮೆಟ್ಟಿಲೇ ಇಲ್ಲ. ಹಾಗಾದರೆ ಮೊದಲ ಆಯ್ಕೆ ಅದೇ ಕಂಪನಿಯ ಮುಂದಿನ ಫೀಡರ್: ಜುಲೈ 26ಕ್ಕೆ ಮಂಗಳೂರು ಬಿಟ್ಟು, 29ಕ್ಕೆ ಕೊಲಂಬೊ, ಆಗಸ್ಟ್ 1ಕ್ಕೆ ಮದರ್ ವೆಸೆಲ್.

ಎರಡನೆಯದು ಮಂಗಳೂರಿನಿಂದಲೇ ಸೋಮವಾರ 22ಕ್ಕೆ ಹೊರಡುವ ಬೇರೊಂದು ಕಂಪನಿಯ ಫೀಡರ್. ಅದು 25ರ ಬೆಳಿಗ್ಗೆ ಕೊಲಂಬೊ ಸೇರಿ, ಆ ಕಂಪನಿಯ ಮದರ್ ವೆಸೆಲ್ 27ಕ್ಕೆ ಹೊರಡುತ್ತದೆ ಎಂದಿಟ್ಟುಕೊಳ್ಳೋಣ. ನೋಡಲು ಐದು ದಿನದ ಲಾಭ. ಆದರೆ ಕಂಟೇನರ್ ರಫ್ತುದಾರರದಲ್ಲ, ಮೊದಲ ಹಡಗು ಕಂಪನಿಯದು. ಒಂದು ಕಂಪನಿಯ ಪೆಟ್ಟಿಗೆಯನ್ನು ಇನ್ನೊಂದು ಕಂಪನಿಯ ಬುಕಿಂಗ್‌ನಲ್ಲಿ ಕಳಿಸಲಾಗದು. ಎರಡನೆಯ ಕಂಪನಿಯ ಖಾಲಿ ಕಂಟೇನರ್ ತರಬೇಕು, ಕಸ್ಟಮ್ಸ್ ಅನುಮತಿಯಿಂದ ಸೀಲ್ ಒಡೆಯಬೇಕು, ಜುಲೈ ಮಳೆಯಲ್ಲಿ 320 ಮೂಟೆಗಳನ್ನು ಒಂದರಿಂದ ಇನ್ನೊಂದಕ್ಕೆ ಹೊರಬೇಕು, ಶಿಪ್ಪಿಂಗ್ ಬಿಲ್ಲಿನಲ್ಲಿ ಕಂಟೇನರ್ ಸಂಖ್ಯೆ ತಿದ್ದಿಸಬೇಕು, ಹೊಸದಾಗಿ ತೂಕ ಕೊಡಬೇಕು, ಇದೆಲ್ಲ ಭಾನುವಾರದ ಗೇಟ್ ಕಟ್‌ಆಫ್‌ನೊಳಗೆ. ಅಸಾಧ್ಯವೆನ್ನುವುದಿಲ್ಲ. ಆದರೆ ಎಲ್ಲೋ ಒಂದು ಕಡೆ ಅರ್ಧ ದಿನ ಜಾರಿದರೂ ಎರಡನೆಯ ಕಟ್‌ಆಫ್ ಕೂಡ ತಪ್ಪಿ, ಎರಡು ಕಂಪನಿಗಳಿಗೆ ಹಣ ತೆರಬೇಕಾಗುತ್ತದೆ. ಹಡಗಿನ ವೇಳಾಪಟ್ಟಿಯಲ್ಲಿ ಕಾಣುವ ದಿನಾಂಕವೆಲ್ಲ ಆಯ್ಕೆಯಲ್ಲ ಎಂಬುದಕ್ಕೆ ಇದು ಸಾಕ್ಷಿ.

ಮೂರನೆಯದು ಇನ್ನೂ ಕುತೂಹಲದ್ದು. ಮೊದಲ ಕಂಪನಿಯ ಇನ್ನೊಂದು ಫೀಡರ್ ಕೊಚ್ಚಿಯ ವಲ್ಲಾರ್‌ಪಾಡಂನಿಂದ ಬುಧವಾರ 24ಕ್ಕೆ ಹೊರಡುತ್ತದೆ. ಪೆಟ್ಟಿಗೆ ಅದೇ ಕಂಪನಿಯದು, ಗೇಟಿನ ಹೊರಗೇ ಇದೆ, ಲಾರಿ ದಕ್ಷಿಣಕ್ಕೆ ನಾನೂರು ಕಿಲೋಮೀಟರಿನಷ್ಟು ಓಡಬೇಕು, ಶಿಪ್ಪಿಂಗ್ ಬಿಲ್ಲಿನಲ್ಲಿ ಬಂದರನ್ನು ಬದಲಿಸಬೇಕು. ಎರಡು ದಿನ ಮೊದಲೇ ಸಮುದ್ರ ಸೇರಿದಂತಾಯಿತು. ಆದರೆ ಆ ಫೀಡರ್ ಕೊಲಂಬೊ ಮುಟ್ಟುವುದು 25ರ ರಾತ್ರಿ, ಮದರ್ ವೆಸೆಲ್ ಆ ಸಂಜೆಯೇ ಹೋಗಿರುತ್ತದೆ. ಪೆಟ್ಟಿಗೆ ಕೊಲಂಬೊ ಯಾರ್ಡಿನಲ್ಲಿ ಒಂದು ವಾರ ಕಾದು ಆಗಸ್ಟ್ 1ರ ಹಡಗನ್ನೇ ಹಿಡಿಯುತ್ತದೆ. ಮಂಗಳೂರಿನಲ್ಲೇ ಕೂತು 26ರ ಫೀಡರ್ ಹಿಡಿದ ಪೆಟ್ಟಿಗೆಯೂ ಇದೂ ಟ್ರಿಯೆಸ್ಟ್ ತಲುಪುವುದು ಒಂದೇ ದಿನ. ಬೇಗ ಹೊರಡುವ ಹಡಗು ಬೇಗ ತಲುಪುವ ಹಡಗಲ್ಲ, ನಡುವೆ ಹಡಗು ಬದಲಿಸುವ ಪ್ರಯಾಣದಲ್ಲಿ ತಲುಪುವ ದಿನವನ್ನು ನಿರ್ಧರಿಸುವುದು ಕೊಲಂಬೊದ ಸಂಪರ್ಕ. ಆದ್ದರಿಂದ ಫಾರ್ವರ್ಡರ್ ಕೊಡುವ ಪ್ರತಿ ಆಯ್ಕೆಯ ಎದುರೂ ಮೂರು ದಿನಾಂಕ ಇರಬೇಕೆಂದು ಕೇಳಿಯೇ ಪಡೆಯಬೇಕು: ಇಲ್ಲಿಂದ ಹೊರಡುವ ದಿನ, ಕೊಲಂಬೊದಲ್ಲಿ ಹಡಗು ಬದಲಿಸುವ ದಿನ, ಟ್ರಿಯೆಸ್ಟ್ ಮುಟ್ಟುವ ದಿನ.

ಹಾಗಿದ್ದರೆ ಕೊಚ್ಚಿಯ ದಾರಿ ಕಣ್ಣುಮುಚ್ಚಿ ಬಿಡತಕ್ಕದ್ದೇ? ಇಲ್ಲಿ ಬರುತ್ತದೆ ಬ್ಯಾಂಕಿನ ಮಾತು. ಖರೀದಿದಾರರು ಲೆಟರ್ ಆಫ್ ಕ್ರೆಡಿಟ್, ಅಂದರೆ ಎಲ್‌ಸಿ, ತೆರೆದಿದ್ದರೆ ಅದರಲ್ಲಿ ಸರಕು ಹಡಗೇರಲು ಕೊನೆಯ ದಿನ ಎಂದೊಂದು ಇರುತ್ತದೆ. ಇಂಥ ಪತ್ರಗಳನ್ನು ಆಳುವ ಅಂತರರಾಷ್ಟ್ರೀಯ ನಿಯಮಾವಳಿ ಯುಸಿಪಿ 600, 2007ರಿಂದ ಜಾರಿಯಲ್ಲಿದೆ. ಬ್ಯಾಂಕ್ ನೋಡುವುದು ಕಾಫಿಯನ್ನಲ್ಲ, ಕಾಗದವನ್ನು. ಬಿಲ್ ಆಫ್ ಲೇಡಿಂಗ್ ಮೇಲಿನ ಹಡಗೇರಿದ ದಿನ ಆ ಕೊನೆಯ ದಿನವನ್ನು ದಾಟಿದ್ದರೆ, ಕಾಫಿ ಎಷ್ಟೇ ಚೆನ್ನಾಗಿದ್ದರೂ ಕಾಗದ ದೋಷಪೂರ್ಣ, ಹಣ ಕೊಡಬೇಕಾದ ಬಾಧ್ಯತೆ ಬ್ಯಾಂಕಿಗೆ ಇರುವುದಿಲ್ಲ. ಆಮೇಲೆ ಖರೀದಿದಾರರ ದಯೆ. ನಮ್ಮ ಎಲ್‌ಸಿಯ ಕೊನೆಯ ದಿನ ಜುಲೈ 25 ಆಗಿದ್ದರೆ ಮಂಗಳೂರಿನ 26ರ ಫೀಡರ್ ಒಂದೇ ದಿನದಿಂದ ತಪ್ಪುತ್ತದೆ, ಕೊಚ್ಚಿಯ 24 ಗೆಲ್ಲುತ್ತದೆ, ಎರಡೂ ಟ್ರಿಯೆಸ್ಟ್ ಸೇರುವುದು ಒಂದೇ ದಿನವಾದರೂ ಸಹ. ಕೊನೆಯ ದಿನ ಜುಲೈ 31 ಆಗಿದ್ದರೆ ಕೊಚ್ಚಿಗೆ ಲಾರಿ ಓಡಿಸುವುದು ಸುಮ್ಮನೆ ಡೀಸೆಲ್ ಸುಟ್ಟಂತೆ. ಒಂದೇ ಪೆಟ್ಟಿಗೆ, ಒಂದೇ ವೇಳಾಪಟ್ಟಿ, ಸರಿಯಾದ ಉತ್ತರ ಮಾತ್ರ ಎರಡು. ಎರಡರಲ್ಲಿ ಯಾವುದೆಂದು ಹೇಳುವ ದಿನಾಂಕ ರಫ್ತುದಾರರ ಕಡತದಲ್ಲಿದೆ, ಫಾರ್ವರ್ಡರ್ ಕಣ್ಣಿಗೆ ಬಿದ್ದಿಲ್ಲ. ಆ ದಿನಾಂಕವನ್ನು ಸಂದೇಶದಲ್ಲಿ ಬರೆಯದೆ ಬಿಡುವುದಕ್ಕಿಂತ ದೊಡ್ಡ ಲೋಪ ಈ ಇಡೀ ವ್ಯವಹಾರದಲ್ಲಿ ಇನ್ನೊಂದಿಲ್ಲವೆಂದೇ ನನ್ನ ತೀರ್ಮಾನ.

ಕೊನೆಯ ದಿನ 27 ಆಗಿದ್ದರೆ? ಕಾಗದದ ಮೇಲೆ 26ರ ಫೀಡರ್ ಸಾಕು, ಒಂದು ದಿನ ಉಳಿಯುತ್ತದೆ. ಆದರೆ ವೇಳಾಪಟ್ಟಿಯನ್ನು ಎಷ್ಟು ನಂಬಬಹುದು? ಜಗತ್ತಿನ ಕಂಟೇನರ್ ಸೇವೆಗಳನ್ನು ಅಳೆಯುವ ಸೀ-ಇಂಟೆಲಿಜೆನ್ಸ್ ಸಂಸ್ಥೆಯ ಲೆಕ್ಕದ ಪ್ರಕಾರ, 2024ರ ಬಹುಪಾಲು ತಿಂಗಳುಗಳಲ್ಲಿ ಹೇಳಿದ ವೇಳೆಗೆ ಬಂದರು ಮುಟ್ಟಿದ ಹಡಗುಗಳು ಶೇಕಡ 50ರಿಂದ 55 ಮಾತ್ರ. 2023ರ ಕೊನೆಯಲ್ಲಿ ಕೆಂಪು ಸಮುದ್ರದ ದಾಳಿಗಳಿಂದಾಗಿ ಬಹಳಷ್ಟು ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕದ ಗುಡ್ ಹೋಪ್ ಭೂಶಿರ ಸುತ್ತತೊಡಗಿದ್ದು ಇದಕ್ಕೊಂದು ಕಾರಣ. ಮದರ್ ವೆಸೆಲ್ ತಡವಾದರೆ ಅದರ ಹೊರೆ ತರುವ ಫೀಡರ್‌ಗಳ ದಿನವೂ ಸರಿಯುತ್ತದೆ. ಅದು ಜಾಗತಿಕ ಸರಾಸರಿ, ಮಂಗಳೂರಿನ ಒಂದು ಫೀಡರ್‌ಗೆ ನೇರವಾಗಿ ಹೊಂದದಿರಬಹುದು. ಆದರೂ ಒಂದು ದಿನದ ಅಂತರವನ್ನು ನೆಚ್ಚಿ ಲಕ್ಷಗಟ್ಟಲೆ ರೂಪಾಯಿಯ ಸರಕನ್ನು ಕೂರಿಸುವುದು ಸರಿಯಲ್ಲ ಎಂದು ತಿಳಿಯಲು ಅಷ್ಟು ಸಾಕು. ಇಂಥಲ್ಲಿ ಫಾರ್ವರ್ಡರ್‌ಗೆ 26ರ ಜಾಗ ಕಾಯ್ದಿರಿಸಲು ಹೇಳಿ, ಮರುದಿನ ಬೆಳಿಗ್ಗೆಯೇ ಖರೀದಿದಾರರಿಗೂ ಬರೆದು ಎಲ್‌ಸಿಯ ದಿನಾಂಕವನ್ನು ಒಂದು ವಾರ ಮುಂದೂಡಲು ಕೋರುವುದೇ ನೇರವಾದ ದಾರಿ. ತಿದ್ದುಪಡಿಗೆ ಖರೀದಿದಾರರೂ ಅವರ ಬ್ಯಾಂಕೂ ಒಪ್ಪಬೇಕು, ಅದಕ್ಕೆ ದಿನಗಳು ಹಿಡಿಯುತ್ತವೆ, 25ರ ಹೊತ್ತಿಗೆ ನೆನಪಾದರೆ ಕೆಲಸಕ್ಕೆ ಬಾರದು.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಆ ಒಂದು ವಾರ ಪೆಟ್ಟಿಗೆ ಎಲ್ಲಿ ಕಾಯಬೇಕು? ಮುಂದಿನ ಹಡಗಿಗೆ ಗೇಟ್ ತೆರೆಯುವುದು ಅದು ಬರುವ ಕೆಲವೇ ದಿನ ಮೊದಲು, ಅಲ್ಲಿಯ ತನಕ ಒಳಗೆ ಬಿಡುವುದಿಲ್ಲ. ಶೇಕಡ 11 ತೇವಾಂಶವಿರುವ 19,200 ಕಿಲೋ ಕಾಫಿಯಲ್ಲಿ ಎರಡು ಸಾವಿರ ಲೀಟರಿಗೂ ಮಿಕ್ಕಿ ನೀರು ಅಡಗಿರುತ್ತದೆ. ಕಬ್ಬಿಣದ ಪೆಟ್ಟಿಗೆ ಹಗಲು ಬಿಸಿಯಾದಾಗ ಬೀಜಗಳಿಂದ ಸ್ವಲ್ಪ ತೇವ ಗಾಳಿಗೆ ಬರುತ್ತದೆ, ರಾತ್ರಿ ಮಳೆ ಹೊಯ್ದು ಚಾವಣಿ ತಣ್ಣಗಾದಾಗ ಅದೇ ತೇವ ಹನಿಗಟ್ಟಿ ಮೇಲಿನ ಮೂಟೆಗಳ ಮೇಲೆ ಬೀಳುತ್ತದೆ. ಪೆಟ್ಟಿಗೆಯೊಳಗೆ ಕಂದು ಕಾಗದ ಹೊದಿಸುವುದು, ತೇವ ಹೀರುವ ಚೀಲ ತೂಗುಹಾಕುವುದು ಇದಕ್ಕೇ. ಆ ಚೀಲಗಳಿಗೆ ಹೀರುವ ಮಿತಿಯಿದೆ, ಪ್ರಯಾಣದ ಅವಧಿ ನೋಡಿ ಹಾಕಿದ ಲೆಕ್ಕದಲ್ಲಿ ಬಂದರಿನ ಬಯಲಿನ ಒಂದು ವಾರ ಸೇರಿರುವುದಿಲ್ಲ. ಹನಿಬಿದ್ದ ಮೂಟೆಯಲ್ಲಿ ಬೂಷ್ಟು ಹಿಡಿದರೆ ಓಕ್ರಟಾಕ್ಸಿನ್ ಎಂಬ ವಿಷ ಬೆಳೆಯಬಹುದು, ಹುರಿದ ಕಾಫಿಯಲ್ಲಿ ಅದಕ್ಕೆ ಯುರೋಪಿನ ಮಿತಿ 2023ರಿಂದ ಕಿಲೋಗೆ 3 ಮೈಕ್ರೊಗ್ರಾಂ. ಆದ್ದರಿಂದ ನೆರಳಿರುವ ಗೋದಾಮಿನ ಆವರಣದಲ್ಲಿ ಪೆಟ್ಟಿಗೆ ಇಡಲು ಜಾಗವಿದೆಯೇ, ಕಂಪನಿ ಕೊಟ್ಟ ಉಚಿತ ದಿನಗಳಲ್ಲಿ ಎಷ್ಟು ಉಳಿದಿವೆ, ಮುಗಿದ ಮೇಲೆ ದಿನದ ಡಿಟೆನ್ಷನ್ ಎಷ್ಟು ಎಂಬುದೂ ಫಾರ್ವರ್ಡರ್ ಉತ್ತರದಲ್ಲಿ ಬರಬೇಕು.

ಇಷ್ಟನ್ನೆಲ್ಲ ಹೇಳುವ ಪತ್ರ ಉದ್ದವಾಗಬೇಕಿಲ್ಲ. ಅದು ಹೀಗಿದ್ದರೆ ಸಾಕು:

"ನಮಸ್ಕಾರ ಸರ್. ನಮ್ಮ ಹಾಸನ–ಟ್ರಿಯೆಸ್ಟ್ ಬುಕಿಂಗ್‌ನ ಒಂದು ಇಪ್ಪತ್ತು ಅಡಿ ಕಂಟೇನರ್, ಸಂಖ್ಯೆ ……, ಇವತ್ತು, ಜುಲೈ 18ರ ಸಂಜೆ 6ರ ಗೇಟ್ ಕಟ್‌ಆಫ್‌ಗೆ ತಲುಪಲಿಲ್ಲ. ಶಿರಾಡಿಯಲ್ಲಿ ರಸ್ತೆ ಬಂದ್ ಆಗಿ ಲಾರಿ ರಾತ್ರಿ 11ಕ್ಕೆ ಪಣಂಬೂರು ಮುಟ್ಟಿದೆ. ಕಂಟೇನರ್ ಗೇಟಿನ ಹೊರಗಿದೆ, ಸೀಲ್ ಸರಿಯಾಗಿದೆ. ಬಿಲ್ ಆಫ್ ಲೇಡಿಂಗ್ ವಿವರ, ವಿಜಿಎಂ ಗಡುವಿನೊಳಗೆ ಕೊಟ್ಟಿದ್ದೇವೆ, ಲೆಟ್ ಎಕ್ಸ್‌ಪೋರ್ಟ್ ಆಗಿಲ್ಲ. ನಾಳಿನ ಹಡಗಿಗೇ ತಡ ಗೇಟ್‌ಇನ್ ಸಾಧ್ಯವೇ, ಶುಲ್ಕವೆಷ್ಟು ಎಂದು ಬೆಳಿಗ್ಗೆ 8ರೊಳಗೆ ತಿಳಿಸಿ. ಆಗದಿದ್ದರೆ ಇದೇ ಕಂಪನಿಯ ಮುಂದಿನ ಫೀಡರ್‌ಗೆ ಜಾಗ ಕಾಯ್ದಿರಿಸಿ, ಕೊಚ್ಚಿಯಿಂದ ಇರುವ ಆಯ್ಕೆಯನ್ನೂ ಕೊಡಿ. ಪ್ರತಿಯೊಂದಕ್ಕೂ ಹೊರಡುವ ದಿನ, ಕೊಲಂಬೊ ಸಂಪರ್ಕ, ಟ್ರಿಯೆಸ್ಟ್ ತಲುಪುವ ದಿನ, ಹೊಸ ಗಡುವುಗಳು, ಒಟ್ಟು ಹೆಚ್ಚುವರಿ ಖರ್ಚು ಬೇಕು. ಎಲ್‌ಸಿ ಪ್ರಕಾರ ಹಡಗೇರಲು ಕೊನೆಯ ದಿನ ಜುಲೈ 27. ಖರ್ಚು ಯಾರದೆಂಬುದನ್ನು ದಾಖಲೆ ನೋಡಿ ಆಮೇಲೆ ಮಾತಾಡೋಣ. ನಾಳೆ ಮಧ್ಯಾಹ್ನ 12ರೊಳಗೆ ನಮ್ಮ ನಿರ್ಧಾರ ತಿಳಿಸುತ್ತೇವೆ."

ಇಂಥ ಪತ್ರಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಫೋನ್ ಇರುವಾಗ ಪತ್ರವೇಕೆ ಎಂಬುದು ಒಂದು. ಫೋನ್ ಮಾಡಲೇಬೇಕು, ರಾತ್ರಿ 11ಕ್ಕೆ ಮೊದಲು ಮಾಡಬೇಕಾದದ್ದು ಅದನ್ನೇ. ಆದರೆ ಫಾರ್ವರ್ಡರ್ ಈ ಮಾತನ್ನು ಹಡಗು ಕಂಪನಿ, ಟರ್ಮಿನಲ್, ಕಸ್ಟಮ್ಸ್ ಏಜೆಂಟ್ ಮೂವರಿಗೂ ದಾಟಿಸಬೇಕು. ಬಾಯಿಂದ ಬಾಯಿಗೆ ಹೋದ ಕಂಟೇನರ್ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೆ ಎಲ್ಲವೂ ನಿಲ್ಲುತ್ತದೆ. ಪತ್ರದಲ್ಲಿ ಬರೆದ ಸಂಖ್ಯೆಯನ್ನಾದರೆ ಪರೀಕ್ಷಿಸಿ ನೋಡಬಹುದು, ನಾಲ್ಕು ಅಕ್ಷರ ಮತ್ತು ಆರು ಅಂಕಿಗಳ ನಂತರದ ಕೊನೆಯ ಅಂಕಿ ಅದಕ್ಕೆಂದೇ ಹಿಂದಿನವುಗಳಿಂದ ಲೆಕ್ಕಹಾಕಿ ಬರೆದದ್ದು. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ತಡವಾಯಿತೆಂದು ಬರೆದುಕೊಟ್ಟರೆ ಹೊಣೆಯನ್ನೂ ಒಪ್ಪಿದಂತಲ್ಲವೇ? ಗೇಟ್‌ನ ಗಣಕದಲ್ಲಿ, ಲಾರಿಯ ಜಿಪಿಎಸ್‌ನಲ್ಲಿ ಗಂಟೆ ನಿಮಿಷ ಸಮೇತ ದಾಖಲಾದ ಸಂಗತಿಯನ್ನು ಬಚ್ಚಿಟ್ಟು ಯಾವ ರಕ್ಷಣೆಯೂ ಇಲ್ಲ. ಸಂಗತಿ ಹೇಳುವುದು ಬೇರೆ, ತಪ್ಪು ಒಪ್ಪುವುದು ಬೇರೆ. ಮೇಲಿನ ಪತ್ರದಲ್ಲಿ ಯಾರ ಮೇಲೂ ದೂರಿಲ್ಲ, ಯಾವ ಖರ್ಚನ್ನೂ ಒಪ್ಪಿಕೊಂಡಿಲ್ಲ. ರಸ್ತೆ ಬಂದ್ ಆಗಿದ್ದರ ಬಗ್ಗೆ ಜಿಲ್ಲಾಡಳಿತದ ಆದೇಶವಿದ್ದರೆ ಅದರ ಪ್ರತಿಯನ್ನೂ ಲಾರಿಯ ಜಿಪಿಎಸ್ ಹಾದಿಯನ್ನೂ ಅಂದೇ ತೆಗೆದಿಟ್ಟುಕೊಳ್ಳುವುದು ಮುಂದಿನ ಚೌಕಾಸಿಗೆ ಪತ್ರದ ಜಾಣ ಪದಗಳಿಗಿಂತ ಹೆಚ್ಚು ಬಲ ಕೊಡುತ್ತದೆ.

ಫಾರ್ವರ್ಡರ್‌ನಿಂದ ಹೊಸ ಬುಕಿಂಗ್ ಬಂದ ಮೇಲೂ ಒಂದು ಕೆಲಸ ಉಳಿಯುತ್ತದೆ. ಹಳೆಯ ಹಡಗಿನ ಹೆಸರಿನಲ್ಲಿ ಕೊಟ್ಟ ವಿಜಿಎಂ, ಗೇಟಿನ ಪ್ರವೇಶಪತ್ರವಾದ ಫಾರ್ಮ್ 13 ಇವು ತಾವಾಗಿಯೇ ಹೊಸ ಹಡಗಿಗೆ ವರ್ಗವಾಗುತ್ತವೆಂದು ನಂಬಿ ಕೂರಬೇಡಿ. ಹೊಸ ಹಡಗಿನ ಹೆಸರು, ಪ್ರಯಾಣ ಸಂಖ್ಯೆಯೊಂದಿಗೆ ಎರಡನ್ನೂ ಮತ್ತೆ ಸಲ್ಲಿಸಿ, ಸ್ವೀಕೃತಿ ಬಂದದ್ದನ್ನು ಗೇಟ್ ತೆರೆಯುವ ಮೊದಲೇ ಫಾರ್ವರ್ಡರ್‌ನಿಂದ ಕೇಳಿ ಪಡೆಯಿರಿ. ಹಡಗು ಹೊರಟ ಮೇಲೆ ಬಿಲ್ ಆಫ್ ಲೇಡಿಂಗ್ ಬರುತ್ತದೆ. ಅದರಲ್ಲಿ ಮೊದಲು ನೋಡಬೇಕಾದದ್ದು ಹಡಗೇರಿದ ದಿನಾಂಕ.